ಕಲ್ಯಾಣ್ ಫಾಸ್ಟ್ ಮತ್ತು ಕುರಿ ಚರ್ಮ

ಮುಂಬೈಯಲ್ಲಿ ಚಳಿಗಾಲ ಅಂದರೆ ಜನವರಿಯ ನಾಲ್ಕು ಬೆಳಗಿನ ಜಾವ, ಅಷ್ಟೇ. ಆ ನಾಲ್ಕು ಬೆಳಗಿಗಾಗಿ ಚರ್ಮದ ಜಾಕೆಟ್ ಕೊಂಡವನು ನಾನು. ಮನಾಲಿಗೆ ಹೋಗುವುದಿದೆ ಅನ್ನುವುದು ನೆಪ.

ಧಾರಾವಿಯ ಚರ್ಮದಂಗಡಿಗಳ ಸಾಲಿಗೆ ತಯಾರಾಗಿಯೇ ಹೋಗಿದ್ದೆ. ಜೇಬಿನೊಳಗೆ ಬೆರಳು ಹಾಕಿ ಅಂಚು ಮಗುಚಿ ನೋಡಿದೆ. ಒಳಮೈಯಲ್ಲಿ ಬಟ್ಟೆಯ ನೇಯ್ಗೆ ಕಂಡರೆ ರೆಕ್ಸಿನ್, ನವಿರಾದ ಜುಂಗು ಕಂಡರೆ ಚರ್ಮ. ಜುಂಗು ಕಂಡಿತು. ಕುರಿ ಚರ್ಮ, ಆಗಷ್ಟೇ ಎಲೆ ಬಿಚ್ಚಿದ ಮೂಡೆ ಕಡುಬಿನ ಹಾಗೆ ಮೆತ್ತಗೆ. ಪಕ್ಕದಲ್ಲೇ ಆಡಿನ ಚರ್ಮದ್ದೊಂದು ಇತ್ತು, ಮೈಮೇಲೆ ಸಣ್ಣ ಸಣ್ಣ ಹರಳು ಹರಳು. ಗಟ್ಟಿ ಅಂತ ಬಿಟ್ಟುಬಿಟ್ಟೆ. ಮಾವಿನಕಾಯಿ ಆರಿಸುವ ಹಾಗೆ ಹಿಸುಕಿ ಹಿಸುಕಿ ಜಾಕೆಟ್ ಆರಿಸಿದೆ.

ಭುಜ ಸ್ವಲ್ಪ ಜಾರುತ್ತಿತ್ತು. ತೋಳಿನ ಹೊಲಿಗೆ ಭುಜದ ಮೂಳೆಯ ತುದಿಯಲ್ಲಿ ಕೂರಬೇಕು. ನನ್ನದು ಒಂದೂವರೆ ಇಂಚು ಕೆಳಗಿತ್ತು. "ಅಂದರ್ ಸ್ವೆಟರ್ ಆಯೇಗಾ ನಾ ಸಾಬ್" ಅಂದ ಅಂಗಡಿಯವನು. ನಾನು ಕನ್ನಡಿ ನೋಡುವಷ್ಟು ಹೊತ್ತೂ ಅವನು ಹಿಂದೆ ನಿಂತು ಬೆನ್ನು ಸವರುತ್ತಿದ್ದ. ಎಷ್ಟು ಪ್ರೀತಿ ಅಂದುಕೊಂಡೆ. ಜಾಸ್ತಿಯಾದ ಚರ್ಮವನ್ನೆಲ್ಲ ಮುಷ್ಟಿಯಲ್ಲಿ ಹಿಡಿದಿದ್ದ ಅನ್ನುವುದು ಮನೆಗೆ ಬಂದ ಮೇಲೆ ಗೊತ್ತಾಯಿತು. "ಏನ್ರೀ, ಹ್ಯಾಂಗರ್ ಒಳಗೇ ಬಿಟ್ಟು ಹಾಕ್ಕೊಂಡಿದ್ದೀರಾ?" ಅಂದಳು ಹೆಂಡತಿ.

ಮನಾಲಿಗೆ ಇನ್ನೂ ಎರಡು ವಾರವಿತ್ತು. ಒಂದು ತಣ್ಣನೆಯ ಬೆಳಗ್ಗೆ ತಡೆಯಲಾಗದೆ ಆಫೀಸಿಗೇ ಹಾಕಿಕೊಂಡು ಹೊರಟೆ. ಡೊಂಬಿವಲಿಯಲ್ಲಿ ಲೋಕಲ್ ರೈಲುಗಾಡಿ ಹತ್ತುವಷ್ಟರಲ್ಲಿ ಚಳಿ ಮುಗಿದಿತ್ತು. ಒಳಗಿನ ಪಾಲಿಯೆಸ್ಟರ್ ಲೈನಿಂಗ್ ಬೆನ್ನಿಗೆ ಬಾಳೆ ಎಲೆ ಸುತ್ತಿದ ಹಾಗೆ ಅಂಟಿಕೊಂಡಿತು. ನಾನು ಒಳಗೆ ಕಡುಬಿನಂತೆ ಬೇಯತೊಡಗಿದೆ. ಠಾಣೆ ಹತ್ತಿರ ಗಾಡಿ ಜಗ್ಗಿತು. ಮೇಲಿನ ಹ್ಯಾಂಡಲ್‌ಗೆ ಕೈ ಚಾಚಿದೆ. ಇಡೀ ಜಾಕೆಟ್ ಹೊಟ್ಟೆಯಿಂದ ಮೇಲೆದ್ದಿತು. ಮೊದಲು ಲೈನಿಂಗ್ 'ಪರ್‍ರ್' ಅಂದಿತು. ಆಮೇಲೆ ಕಂಕುಳು. ಅಷ್ಟು ಗದ್ದಲದ ಡಬ್ಬಿಯಲ್ಲೂ ನಾಲ್ಕು ಜನ ತಿರುಗಿ ನೋಡಿದರು. ಮುಲುಂಡ್, ಘಾಟ್ಕೋಪರ್ ದಾಟಿ ದಾದರ್‌ವರೆಗೂ ಕೈ ಇಳಿಸಲಿಲ್ಲ. ಇಳಿಸಿದರೆ ಇನ್ನೇನು ಹರಿಯುತ್ತದೋ ಅನ್ನುವ ಭಯ.

ಸಂಜೆ ಧಾರಾವಿಯ ಗಲ್ಲಿಯೊಂದರಲ್ಲಿ ಚರ್ಮ ಹೊಲಿಯುವ ಹಿರಿಯರೊಬ್ಬರು ಸಿಕ್ಕರು. ಕಲಬುರ್ಗಿ ಕಡೆಯವರು. ಕನ್ನಡ ಕೇಳಿದ್ದೇ ಚಹಾ ತರಿಸಿದರು. ಜಾಕೆಟ್ ಮಗುಚಿ ನೋಡಿ ನಕ್ಕರು.

"ಸಾಹೇಬ್ರ, ಇದು ಹರದದ್ದಲ್ರಿ. ತೂತು ಹೊಡದು ಹರಿಸ್ಯಾರ."

ಅಳತೆಪಟ್ಟಿ ಇಟ್ಟು ಎಣಿಸಿ ತೋರಿಸಿದರು. ಇಂಚಿಗೆ 14 ಹೊಲಿಗೆ. ಬಟ್ಟೆಯಲ್ಲಿ ಒತ್ತೊತ್ತಾಗಿ ಹೊಲಿದರೆ ಗಟ್ಟಿ, ಯಾಕೆಂದರೆ ಸೂಜಿ ಎಳೆಗಳ ನಡುವೆ ನುಸುಳುತ್ತದೆ. ಚರ್ಮದಲ್ಲಿ ಸೂಜಿ ತೂತೇ ಮಾಡುತ್ತದೆ, ಆ ತೂತು ಮತ್ತೆ ಮುಚ್ಚುವುದಿಲ್ಲ. ಒತ್ತೊತ್ತಾಗಿ ತೂತು ಬಿದ್ದರೆ ಅಂಚೆ ಚೀಟಿಯ ಹಾಳೆಯಂತೆ ನೆಟ್ಟಗೆ ಹರಿದು ಬರುತ್ತದೆ. ನನ್ನದು ಹಾಗೇ ಬಂದಿತ್ತು. ದಾರ ಒಂದೂ ತುಂಡಾಗಿರಲಿಲ್ಲ! "ಎಂಟು ಸಾಕ್ರಿ" ಅಂದರು.

ಸಾಲದ್ದಕ್ಕೆ ಕಂಕುಳಿಗೆ ಹಾಕಿದ್ದು ಕುರಿಯ ಹೊಟ್ಟೆಯ ಚರ್ಮ. ಹೆಬ್ಬೆರಳಿಂದ ಒತ್ತಿದರು, ದಪ್ಪ ದಪ್ಪ ಸುಕ್ಕು ಎದ್ದಿತು. ಬೆನ್ನಿನ ತುಂಡಿನ ಮೇಲೆ ಒತ್ತಿದಾಗ ಎದ್ದದ್ದು ಕೂದಲೆಳೆಯಷ್ಟು ಸಣ್ಣ ಗೆರೆ. ಹೊಟ್ಟೆಯ ಚರ್ಮ ಸಡಿಲ, ಹಿಗ್ಗುತ್ತದೆ. (ಈ ವಿಷಯದಲ್ಲಿ ಕುರಿಗೂ ನನಗೂ ವ್ಯತ್ಯಾಸವಿಲ್ಲ.) ಲೈನಿಂಗ್‌ಗೆ ಬೆನ್ನ ನಡುವೆ ಒಂದು ಮಡಿಕೆ ಬಿಡಬೇಕಿತ್ತು, ಕೈ ಮುಂದೆ ಚಾಚಿದಾಗ ಅದು ಬಿಚ್ಚಿಕೊಳ್ಳಲಿ ಅಂತ. ಅರ್ಧ ಗೇಣು ಬಟ್ಟೆ ಉಳಿಸಲು ಅದನ್ನೂ ಬಿಟ್ಟಿದ್ದರು.

"ಭುಜ ಸಣ್ಣ ಮಾಡಬಹುದಾ?" ಕೇಳಿದೆ.

"ತೋಳು ಬಿಚ್ಚಬೇಕು, ಭುಜ ಕತ್ತರಿಸಬೇಕು. ಆಗ ಕಂಕುಳ ಸುತ್ತು ದೊಡ್ಡದಾಗ್ತದ, ತೋಳು ಕೂಡಂಗಿಲ್ಲ. ಹಳೇ ತೂತು ಬ್ಯಾರೆ ಕಾಣತಾವ. ತೋಳಿನ ಉದ್ದ ಹೇಳ್ರಿ, ಸೊಂಟ ಹೇಳ್ರಿ, ಮಾಡಿ ಕೊಡ್ತೀನಿ. ಭುಜ ಮಾತ್ರ ಅಂಗಡಿಯಾಗೇ ನೋಡ್ಕೋಬೇಕ್ರಿ."

ಹರಿದಲ್ಲಿ ಹಿಂದಿನಿಂದ ಆಡಿನ ಚರ್ಮದ ಪಟ್ಟಿ ಅಂಟಿಸಿ, ಹಳೆಯ ತೂತಿನ ಸಾಲಿನಿಂದ ಒಳಗೆ ಸರಿದು ಹೊಸದಾಗಿ ಹೊಲಿದು ಕೊಟ್ಟರು. ನಾನು ಬೇಡ ಅಂತ ಬಿಟ್ಟು ಬಂದಿದ್ದ ಅದೇ ಆಡು.

ಹೋದ ತಿಂಗಳು ಭಾವನಿಗೂ ಜಾಕೆಟ್ ಬೇಕು ಅಂತಾಯಿತು. ಬೇರೆ ಅಂಗಡಿ. ಹಾಕಿಸಿದೆ, ಜಿಪ್ ಎಳೆಸಿದೆ, ಹಿಂದೆ ಯಾರೂ ನಿಲ್ಲದ ಹಾಗೆ ನಾನೇ ಅಡ್ಡ ನಿಂತೆ. "ಭಾವ, ಕೈ ಮೇಲೆ ಎತ್ತಿ. ಹ್ಯಾಂಡಲ್ ಹಿಡಿದ ಹಾಗೆ. ಈಗ ಸ್ವಲ್ಪ ಜೋಲಿ ಹೊಡೀರಿ." ಪಾಪ, ಅಂಗಡಿ ಮಧ್ಯೆ ಭಾವ ತೂಗಾಡಿದರು. ನಾನು ಜಾಕೆಟಿನ ಕೆಳ ಅಂಚು ಎಷ್ಟು ಏಳುತ್ತದೆ ಅಂತ ಬಗ್ಗಿ ನೋಡುತ್ತಿದ್ದೆ.

ಗಲ್ಲಾದಲ್ಲಿ ಕೂತಿದ್ದ ಮಾಲೀಕ ಕನ್ನಡಕ ಸರಿಮಾಡಿಕೊಂಡು ಕೇಳಿದ: "ಕೌನ್ಸೀ ಗಾಡಿ ಹೈ ಸಾಬ್, ಕಲ್ಯಾಣ್ ಫಾಸ್ಟ್?"