‘ನಮಸ್ಕಾರ ಸರ್’ ಎಂದು ಬರೆದು ಕಾಯುವುದು

ತಿಂಗಳ ಕೊನೆಯ ದಿನ ಸಂಜೆ 5:30ರೊಳಗೆ ಸಂಬಳದ ಫೈಲು ಬ್ಯಾಂಕಿಗೆ ಹೋಗಬೇಕಿತ್ತು, ಅದಕ್ಕೆ ಒಪ್ಪಿಗೆಯ ಗುಂಡಿ ಒತ್ತಬೇಕಾದ ಹಿರಿಯರು ಮೀಟಿಂಗಿನಲ್ಲಿದ್ದರು. 4:10ಕ್ಕೆ ನಾನು ಟೀಮ್ಸ್‌ನಲ್ಲಿ ‘ನಮಸ್ಕಾರ ಸರ್’ ಎಂದು ಬರೆದು ಕಳಿಸಿ, ಅವರು ‘ಹೇಳಿ’ ಎನ್ನುವುದನ್ನೇ ಕಾಯುತ್ತಾ ಕುಳಿತೆ. ಯಾರ ಮನೆಗಾದರೂ ಹೋದರೆ ಬಾಗಿಲಲ್ಲಿ ನಿಂತು ಕೂಗಿ, ಒಳಗಿನಿಂದ ‘ಬನ್ನಿ’ ಎಂದ ಮೇಲಷ್ಟೇ ಬಂದ ಕೆಲಸ ಹೇಳುವುದು ನಮ್ಮ ರೂಢಿ. ಆದರೆ ಮೀಟಿಂಗಿನಲ್ಲಿರುವವರ ಫೋನಿನ ಪರದೆಯ ಮೇಲೆ ಕಾಣುವುದು ಸಂದೇಶದ ಮೊದಲ ಸಾಲು ಮಾತ್ರ. ಅಲ್ಲಿ ಬರಿಯ ನಮಸ್ಕಾರವಿದ್ದರೆ ಅವರು ಮನಸ್ಸಿನಲ್ಲೇ ಪ್ರತಿನಮಸ್ಕಾರ ಹೇಳಿ ಫೋನನ್ನು ಮಗುಚಿಡುತ್ತಾರೆ.

4:40 ಆಯಿತು. ‘ದಯವಿಟ್ಟು ಈಗಲಾದರೂ ನೋಡಿ’ ಎಂದು ಬರೆದೆ, ಪುಣ್ಯಕ್ಕೆ ಕಳಿಸುವ ಮೊದಲು ಓದಿಕೊಂಡೆ. ಆ ‘ಆದರೂ’ ಎಂಬ ಪುಟ್ಟ ಪದದೊಳಗೆ ‘ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ’ ಎಂಬ ಗದರಿಕೆ ಅಡಗಿದೆ, ಮುಂದೆ ನಿಂತ ‘ದಯವಿಟ್ಟು’ ಅದನ್ನು ಮುಚ್ಚುವ ಬದಲು ಎತ್ತಿ ತೋರಿಸುತ್ತದೆ. ನನ್ನನ್ನು ಕೇಳಿದರೆ, ‘ದಯವಿಟ್ಟು’ ಎಂಬುದು ದೇವಸ್ಥಾನದ ಮುಂದೆ ಚಪ್ಪಲಿ ಎಲ್ಲಿ ಬಿಡಬೇಕೆಂದು ಹೇಳುವ ಫಲಕಕ್ಕೆ ಒಪ್ಪುವ ಮಾತು. ಕನ್ನಡದಲ್ಲಿ ಮರ್ಯಾದೆ ಇರುವುದು ಕ್ರಿಯಾಪದದ ಬಾಲದಲ್ಲಿ: ‘ನೋಡು’ ಎಂಬುದು ‘ನೋಡಿ’ ಆದರೆ ಸಾಕು, ‘ಸ್ವಲ್ಪ ನೋಡುತ್ತೀರಾ’ ಆದರಂತೂ ಬೇಡವೆನ್ನಲು ಅವರಿಗೆ ಜಾಗವೂ ಉಳಿಯುತ್ತದೆ.

ಟೀಮ್ಸ್‌ನಲ್ಲಿ ‘ಅರ್ಜೆಂಟ್’ ಎಂಬ ಗುರುತು ಹಾಕುವ ಸೌಲಭ್ಯವೂ ಇದೆ. ಹಾಕಿದರೆ, ಓದುವ ತನಕ, 2 ನಿಮಿಷಕ್ಕೊಮ್ಮೆ, 20 ನಿಮಿಷಗಳವರೆಗೆ ಅದು ಆ ಕಡೆಯವರನ್ನು ಎಚ್ಚರಿಸುತ್ತಲೇ ಇರುತ್ತದೆ. ಸರ್ವರ್ ಬಿದ್ದುಹೋದಾಗ ಅದು ಸರಿ. ನಮ್ಮ ಫೈಲಿಗಾಗಿ ಹಿರಿಯರ ಬಾಗಿಲನ್ನು ಹತ್ತು ಸಲ ಬಡಿಯಲು ನನಗೆ ಧೈರ್ಯ ಬರಲಿಲ್ಲ.

4:50ಕ್ಕೆ ಕಡೆಗೂ ಹೀಗೆ ಬರೆದೆ: ‘ಸರ್, ಸಂಬಳದ ಫೈಲಿಗೆ 5:30ರೊಳಗೆ ನಿಮ್ಮ ಒಪ್ಪಿಗೆ ಬೇಕು, ತಪ್ಪಿದರೆ ಎಲ್ಲರಿಗೂ ಸಂಬಳ ನಾಳೆಗೆ ಹೋಗುತ್ತದೆ. ಹೋದ ತಿಂಗಳಿಗಿಂತ ಇಬ್ಬರು ಹೊಸಬರಷ್ಟೇ ಹೆಚ್ಚು, ಉಳಿದದ್ದೆಲ್ಲ ತಾಳೆ ನೋಡಿದ್ದೇನೆ. ನಿಮಗೆ ಬಿಡುವಾಗದಿದ್ದರೆ ಯಾರನ್ನು ಕೇಳಲಿ?’ ಇದರಲ್ಲಿ ಒಂದೂ ‘ದಯವಿಟ್ಟು’ ಇಲ್ಲ, ‘ಅರ್ಜೆಂಟ್’ ಎಂಬ ಮಾತೂ ಇಲ್ಲ. ಆತುರವನ್ನು ಗಡಿಯಾರದ ಹೊತ್ತೇ ಹೇಳುತ್ತದೆ, ಅವರ ಪಾಲಿನ ಪರಿಶೀಲನೆಯನ್ನು ಹಗುರ ಮಾಡಿಟ್ಟದ್ದರಲ್ಲಿ ವಿನಯವಿದೆ. ಕೊನೆಯ ಪ್ರಶ್ನೆಗೆ ಒಂದು ಹೆಸರನ್ನು ಟೈಪಿಸಿದರೆ ಉತ್ತರ ಮುಗಿಯಿತು, ಮೀಟಿಂಗಿನ ಮೇಜಿನ ಕೆಳಗಿನಿಂದಲೂ ಅದು ಸಾಧ್ಯ.

4:53ಕ್ಕೆ ಉತ್ತರ ಬಂತು: ‘ಆಯಿತು, ಒಪ್ಪಿದ್ದೇನೆ. ಇದನ್ನು ಮೊದಲೇ ಹೇಳಬಾರದಿತ್ತೇ?’ ಪರದೆಯನ್ನು ಸ್ವಲ್ಪ ಮೇಲಕ್ಕೆ ಸರಿಸಿದರೆ, 4:10ರ ನನ್ನ ನಮಸ್ಕಾರ ಇನ್ನೂ ಬಾಗಿಲಲ್ಲೇ ಕೈಮುಗಿದು ನಿಂತಿತ್ತು.