ಮೂರು ಲಕ್ಷದ ಮಿಲ್ ಜಾಗ

ಗಂಗಾವತಿ ಕಡೆಯ ಒಂದು ರೈಸ್ ಮಿಲ್ ಕಂಪನಿಯ ಲೆಕ್ಕ ನೋಡುತ್ತಿದ್ದೆ. ಆಸ್ತಿ ಪಟ್ಟಿಯಲ್ಲಿ ಎರಡು ಎಕರೆ ಜಾಗ, 3 ಲಕ್ಷ ರೂಪಾಯಿ. 1996ರಲ್ಲಿ ಕೊಂಡ ಬೆಲೆ. ಜಾಗಕ್ಕೆ ಸವಕಳಿ ಇಲ್ಲ, ಹಾಗಾಗಿ ಅಂದಿನಿಂದ ಅದೇ ಅಂಕಿ ಕೂತಿದೆ.

ಸಾಹುಕಾರರಿಗೆ ಸಿಟ್ಟು. "ಅಲ್ರೀ, ಪಕ್ಕದ ಸೈಟು ಗುಂಟೆಗೆ 6 ಲಕ್ಷಕ್ಕ ಹೋಗ್ಯಾದ. ನಂದು 80 ಗುಂಟೆ. 4 ಕೋಟಿ 80 ಲಕ್ಷ ಬರೀರಿ. ಬ್ಯಾಂಕಿನವ್ರು ನೋಡ್ಲಿ."

ಅವರು ಕೇಳುತ್ತಿದ್ದದ್ದು ನ್ಯಾಯಯುತ ಮೌಲ್ಯ, ಅಂದರೆ ಫೇರ್ ವ್ಯಾಲ್ಯೂ. ವಿಷಯ ಬಲ್ಲ ಕೊಳ್ಳುವವನಿಗೆ ಅವಸರವಿಲ್ಲದೆ ಇವತ್ತು ಮಾರಿದರೆ ಏನು ಬರುತ್ತದೋ ಅದು. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ ಅದಲ್ಲ. ಸಾಲ ವಸೂಲಿಗೆ ಅಂತ ಬ್ಯಾಂಕು ಹಾಕುವ ಅವಸರದ ಮಾರಾಟದ ಬೆಲೆಯೂ ಅಲ್ಲ.

ಸರಿ, ಲೆಕ್ಕ ಹಾಕೋಣ ಅಂದೆ. ಸೈಟಿನ ರೇಟು ಬೇಕಾದರೆ ಲೇಔಟ್ ಮಾಡಬೇಕಲ್ವಾ? ರಸ್ತೆ, ಪಾರ್ಕ್ ಅಂತ 35 ಗುಂಟೆ ಹೋಯಿತು. ಉಳಿದ 45 ಗುಂಟೆಗೆ 2 ಕೋಟಿ 70 ಲಕ್ಷ. ಮಿಲ್ ಕೆಡವಲು, ಚರಂಡಿ ಹಾಕಲು, ವಸತಿ ಬಳಕೆಗೆ ಅನುಮತಿ ಪಡೆಯಲು 50 ಲಕ್ಷ. ಲೇಔಟ್ ಮಾಡುವವನ ಲಾಭ, ಎರಡು ವರ್ಷ ಕಾಯುವ ಬಡ್ಡಿ 40 ಲಕ್ಷ. ಉಳಿದದ್ದು 1 ಕೋಟಿ 80 ಲಕ್ಷ. ಅನುಮತಿ ಸಿಗುವ ಹಾಗೇ ಇಲ್ಲದಿದ್ದರೆ ಈ ಲೆಕ್ಕವೇ ನಿಲ್ಲುವುದಿಲ್ಲ.

"ಅದರ ಮ್ಯಾಲೆ ಕಟ್ಟಡ, ಮಷಿನ್ ಸೇರಿ ಒಂದೂವರೆ ಕೋಟಿ ಹಾಕ್ರಿ" ಅಂದರು. ಎಲ್ಲರೂ ಎಡವುವುದು ಇಲ್ಲೇ. ಜಾಗಕ್ಕೆ ಲೇಔಟಿನ ಬೆಲೆ ಹಿಡಿದ ಮೇಲೆ ಕಟ್ಟಡಕ್ಕೆ ಮಿಲ್ಲಿನ ಬೆಲೆ ಹಿಡಿಯುವ ಹಾಗಿಲ್ಲ. ಲೇಔಟಿನವನು ಅದನ್ನು ಕೆಡವುತ್ತಾನೆ. ಕಟ್ಟಡ ಸೊನ್ನೆ, ಮಷಿನ್ ಬಿಚ್ಚಿ ಮಾರಿದರೆ 15 ಲಕ್ಷ. ಒಟ್ಟು 1 ಕೋಟಿ 95 ಲಕ್ಷ. ನಡೆಯುವ ಮಿಲ್ಲಾಗಿ ಇಡಿಯಾಗಿ ಮಾರಿದರೆ 1 ಕೋಟಿ 60 ಲಕ್ಷ ಬರಬಹುದಿತ್ತು. ಇವೆರಡರಲ್ಲಿ ಜಾಸ್ತಿ ಇರುವುದನ್ನು ಹಿಡಿಯಬಹುದು, ಎರಡನ್ನೂ ಬೆರೆಸುವಂತಿಲ್ಲ. ಇಂಡ್ ಎಎಸ್ 113 ಅನ್ನುವ ಲೆಕ್ಕಪತ್ರ ಮಾನದಂಡ ಹೇಳುವ ಅತ್ಯುತ್ತಮ ಬಳಕೆ ಅಂದರೆ ಇದೇ. (ಈ ಮಿಲ್ಲಿಗೆ ಅನ್ವಯಿಸುವುದು ಎಎಸ್ 10 ಅನ್ನುವ ಬೇರೆ ಮಾನದಂಡ. ಆದರೂ ಬೆಲೆ ಕಟ್ಟುವ ತರ್ಕ ಬದಲಾಗುವುದಿಲ್ಲ.)

ನನಗೆ ಹಳೆ ಕ್ರಯದ ಬಗ್ಗೆ ಸ್ವಲ್ಪ ಪಕ್ಷಪಾತ ಇದೆ, ಒಪ್ಪುತ್ತೇನೆ. 3 ಲಕ್ಷಕ್ಕೆ ಕ್ರಯಪತ್ರ ಇದೆ, ಯಾರೂ ಜಗಳ ಆಡುವಂತಿಲ್ಲ. ಇವತ್ತಿನ ಬೆಲೆ ಮಾತ್ರ ಅದು ಹೇಳುವುದಿಲ್ಲ. 1 ಕೋಟಿ 80 ಲಕ್ಷ ಅದನ್ನು ಹೇಳುತ್ತದೆ, ಆದರೆ ಊಹೆಯ ಮೇಲೆ ನಿಂತಿದೆ. ಗುಂಟೆಗೆ ಒಂದು ಲಕ್ಷ ಕಮ್ಮಿ ಹಿಡಿದರೆ ಸಾಕು, 45 ಲಕ್ಷ ಮಾಯ.

ಕೊನೆಗೆ ಅವರು ಕೇಳಿದ್ದು ಒಂದೇ. "ಏರಿಸಿ ಬರೆದ್ರ ಆ ದುಡ್ಡು ಡಿವಿಡೆಂಡ್ ತಗೋಬಹುದೇನ್ರಿ?" ಇಲ್ಲ ಅಂದೆ. ಏರಿದ 1 ಕೋಟಿ 77 ಲಕ್ಷ ಲಾಭಕ್ಕೆ ಬರುವುದಿಲ್ಲ, ಮರುಮೌಲ್ಯ ಮೀಸಲಿಗೆ ಹೋಗುತ್ತದೆ. ಅದರಿಂದ ಡಿವಿಡೆಂಡ್ ಹಂಚುವ ಹಾಗಿಲ್ಲ. ಕಂಪನಿಯ ಬೇರೆ ಜಾಗಗಳನ್ನೂ ಜೊತೆಗೇ ಏರಿಸಬೇಕು, ಆಗಾಗ ಮತ್ತೆ ಬೆಲೆ ಕಟ್ಟಿಸಬೇಕು.

"ಹಂಗಾದ್ರ 3 ಲಕ್ಷನೇ ಇರ್ಲಿ ಬಿಡ್ರಿ" ಅಂದರು. ಬ್ಯಾಂಕಿಗೆ ಮೌಲ್ಯಮಾಪನ ವರದಿ ಬೇರೆಯಾಗಿ ಹೋಯಿತು.