ಥಂಬ್‌ನೇಲ್ ಟೈಟಲ್ ಬಗ್ಗೆ ನಾ ಹಾಕಿದ್ ಮೆಸೇಜ್ ತಪ್ಪದ

"ಕೋರ್ಸ್ ವಿಡಿಯೋ ಥಂಬ್‌ನೇಲ್‌ನಾಗ ಟೈಟಲ್ ಬಲಗಡಿ ಕೆಳಗ ಹಾಕ್ರಿ, ಅಲ್ಲಿ ಜಾಗ ಖಾಲಿ ಇರ್ತದ"

ಇದು ಕಲಬುರಗಿ, ಬೀದರ್ ಟೀಚರ್ಸ್ ಗ್ರೂಪ್‌ನಾಗೆಲ್ಲಾ ತಿರಗ್ಲತ್ತದ, ಬರ್ದಾಂವ ನಾನೇ, ತಪ್ಪದ. ಆ ಮೂಲ್ಯಾಗ ಯೂಟ್ಯೂಬ್ ತಾನೇ ವಿಡಿಯೋ ಎಷ್ಟ್ ನಿಮಿಷದ್ದು ಅಂತ ಕಪ್ಪು ಪಟ್ಟಿ ಕೂಡಿಸ್ತದ. ನಂದೇ "ಭಿನ್ನರಾಶಿ ಭಾಗ 2" ಫೋನ್‌ನಾಗ ತೆಗ್ದು ನೋಡ್ದೆ, ಆ 2 ಇರೋ ಜಾಗದಾಗ 14:35 ಕುಂತಿತ್ತು, ಮಕ್ಕಳಿಗಿ ಯಾವ್ ಭಾಗ ಅಂತ ಹ್ಯಾಂಗ್ ತಿಳೀಬೇಕ್ರಿ. ಅರ್ಧ ನೋಡಿ ಬಿಟ್ಟೋರಿಗಿ ಕೆಳಗಿನ ಅಂಚಿನಾಗ ಕೆಂಪು ಗೆರೀನೂ ಬರ್ತದ.

ಅದಕ್ಕ ಟೈಟಲ್ ಎಡಗಡಿ ಮ್ಯಾಲ ಇಡ್ರಿ, ಮುಖಾನೋ ರೊಟ್ಟಿ ತುಂಡಿನ ಚಿತ್ರಾನೋ ಒಂದೇ ಒಂದು ದೊಡ್ಡದಾಗಿ ಬಲಗಡಿ ಇಡ್ರಿ, ಅದರ ಮ್ಯಾಲ ಪಟ್ಟಿ ಬಂದ್ರೂ ಏನೂ ಹೋಗಲ್ಲ. ಅಕ್ಷರ ಮಾತ್ರ ದೊಡ್ಡದಿರ್ಲಿ. 1280 ಪಿಕ್ಸೆಲ್ ಅಗಲದ ಚಿತ್ರ ಸಣ್ಣದಾಗಿ 160ಕ್ಕ ಇಳಿದ್ರ 48 ಪಿಕ್ಸೆಲ್ ಎತ್ತರದ ಅಕ್ಷರ ಬರೇ 6 ಆಗ್ತದ, ನಮ್ಮ ಒತ್ತಕ್ಷರ ಅಂತೂ ಮಸಿ ಚುಕ್ಕಿ ಆಗ್ತಾವ. ಮೂರು ನಾಕು ಶಬ್ದ ಸಾಕು. ಬಣ್ಣ ತೆಗ್ದು ಕಪ್ಪು-ಬಿಳಿ ಮಾಡಿ ನೋಡ್ರಿ, ಹಸಿರು ಹಿನ್ನೆಲೆ, ಅದರ ಮ್ಯಾಲಿನ ಕೆಂಪು ಅಕ್ಷರ ಎರಡೂ ಒಂದೇ ಬೂದು ಬಣ್ಣ ಆಗಿ ಅಕ್ಷರ ಕಳದ್ಹೋದ್ರ ಬಣ್ಣ ಬದಲಿಸ್ರಿ.

ಹಳೀ ಮೆಸೇಜ್ ಮುಂದ ಕಳಿಸಬ್ಯಾಡ್ರಿ, ಕಳಿಸಿದ್ರ ಡಿಲೀಟ್ ಮಾಡ್ರಿ.